ಬಿ.ಪಿ. ಮಾತ್ರೆ ಬೆಳಿಗ್ಗೆಯೋ ರಾತ್ರಿಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ರೋಗಿಗಳು ಎದುರು ಕುಳಿತು ಕೇಳಿದ, ಅವರ ಮನೆಯವರು ಬರೆದು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲಿಯೇ ಇರಿಸಿದ್ದೇನೆ. ಇದನ್ನು ಓದಿ ತಾವಾಗಿಯೇ ಮಾತ್ರೆಯನ್ನಾಗಲಿ ಪ್ರಮಾಣವನ್ನಾಗಲಿ ಬದಲಾಯಿಸಬೇಡಿ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಏನು ಕೇಳಬೇಕು ಎಂಬುದು ತಿಳಿದರೆ ಸಾಕು.

## ಮೊದಲ ಪ್ರಶ್ನೆಗಳು

ಸುತ್ತುಬಳಸದೆ ಹೇಳಿ ಡಾಕ್ಟರೇ, ಬೆಳಿಗ್ಗೆ ನುಂಗಬೇಕೋ ರಾತ್ರಿ ನುಂಗಬೇಕೋ?

ನೀವು ಮರೆಯದೆ ನುಂಗುವ ಹೊತ್ತಿಗೆ ನುಂಗಿ. ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುವ ಬಹುಪಾಲು ಜನರಿಗೆ ಇದೇ ಸರಿಯಾದ ಉತ್ತರ, ಮತ್ತು ಇದು ತೇಲಿಸಿ ಹೇಳಿದ ಮಾತಲ್ಲ. ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಬೆಳಿಗ್ಗೆ ನುಂಗಿದವರಿಗೂ ರಾತ್ರಿ ನುಂಗಿದವರಿಗೂ ಹೃದಯಾಘಾತ, ಪಾರ್ಶ್ವವಾಯು, ಸಾವು ಇವುಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಯುರೋಪಿಯನ್ ಸೊಸೈಟಿ ಆಫ್ ಕಾರ್ಡಿಯಾಲಜಿಯ 2024ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ರೋಗಿಗೆ ಅನುಕೂಲವಾದ ಹೊತ್ತನ್ನು ಆರಿಸಿಕೊಳ್ಳಬೇಕು, ಅದನ್ನು ರೂಢಿ ಮಾಡಿಕೊಳ್ಳಬೇಕು.

ಆದರೆ ‘ಬಹುಪಾಲು’ ಎಂದರೆ ‘ಎಲ್ಲರೂ’ ಅಲ್ಲ. ಕೆಲವು ಮಾತ್ರೆಗಳಿಗೆ, ಕೆಲವು ರೋಗಿಗಳಿಗೆ ಹೊತ್ತು ಮುಖ್ಯವಾಗುತ್ತದೆ. ಈ ಪುಟದ ಕೊನೆಯ ಭಾಗ ಅಂಥವರಿಗಾಗಿ.

ರಾತ್ರಿ ತೆಗೆದುಕೊಂಡರೆ ಹೃದಯಕ್ಕೆ ಹೆಚ್ಚು ರಕ್ಷಣೆ ಎಂದು ಎಲ್ಲರೂ ಹೇಳುತ್ತಾರಲ್ಲ, ಆ ಮಾತು ಎಲ್ಲಿಂದ ಬಂತು?

ಆ ಮಾತಿಗೆ ಆಧಾರವಿಲ್ಲದೆ ಇಲ್ಲ. ರಕ್ತದೊತ್ತಡ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಿದ್ದೆಯಲ್ಲಿ ಅದು ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಬೆಳಗಿನ ಜಾವ ದೇಹ ಎಚ್ಚರಕ್ಕೆ ಸಜ್ಜಾಗುವಾಗ ಮತ್ತೆ ಏರತೊಡಗುತ್ತದೆ. ಹೃದಯಾಘಾತಗಳು ಬೆಳಗಿನ ಆರರಿಂದ ಮಧ್ಯಾಹ್ನದವರೆಗಿನ ಅವಧಿಯಲ್ಲಿ ಹೆಚ್ಚಾಗಿ ಆಗುತ್ತವೆ ಎಂಬುದು 1980ರ ದಶಕದಿಂದಲೂ ಗೊತ್ತಿರುವ ಸಂಗತಿ. ಇದರ ಜೊತೆಗೆ, ಮುಂದೆ ಏನಾಗುತ್ತದೆ ಎಂಬುದನ್ನು ಹಗಲಿನ ಒತ್ತಡಕ್ಕಿಂತ ನಿದ್ದೆಯ ಹೊತ್ತಿನ ಒತ್ತಡ ಚೆನ್ನಾಗಿ ಸೂಚಿಸುತ್ತದೆ.

ಇವೆರಡನ್ನೂ ಕೂಡಿಸಿದರೆ ರಾತ್ರಿ ಮಾತ್ರೆ ನುಂಗಿದರೆ ನಿದ್ದೆಯ ಒತ್ತಡವೂ ತಗ್ಗುತ್ತದೆ, ಬೆಳಗಿನ ಏರಿಕೆಯೂ ಹತೋಟಿಗೆ ಬರುತ್ತದೆ ಎಂಬ ಊಹೆ ಸಹಜವಾಗಿಯೇ ಹುಟ್ಟುತ್ತದೆ. ಊಹೆ ಚೆನ್ನಾಗಿಯೇ ಇತ್ತು. ಆದರೆ ಊಹೆ ಚೆನ್ನಾಗಿದ್ದ ಮಾತ್ರಕ್ಕೆ ರೋಗಿಗೆ ಲಾಭವಾಗುತ್ತದೆ ಎನ್ನಲಾಗದು. ಅದನ್ನು ಜನರ ಮೇಲೆ ಪರೀಕ್ಷಿಸಿಯೇ ನೋಡಬೇಕು.

ಊಟಕ್ಕೆ ಮೊದಲೋ ಆಮೇಲೋ?

ಹೆಚ್ಚಿನ ಬಿ.ಪಿ. ಮಾತ್ರೆಗಳಿಗೆ ಎರಡೂ ಸರಿ. ಕ್ಯಾಪ್ಟೋಪ್ರಿಲ್ ಇದಕ್ಕೆ ಅಪವಾದ. ಅದನ್ನು ಊಟಕ್ಕೆ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಮೆಟೊಪ್ರೊಲಾಲ್ ಆದರೆ ಊಟದ ಜೊತೆ ಅಥವಾ ಊಟವಾದ ಕೂಡಲೇ ತೆಗೆದುಕೊಳ್ಳಿ, ಮತ್ತು ದಿನವೂ ಹಾಗೆಯೇ ಮಾಡಿ.

ಬೆಳಿಗ್ಗೆ ಮರೆತುಹೋಯಿತು, ಸಂಜೆ ನೆನಪಾಯಿತು. ಆಗ ನುಂಗಬಹುದೇ?

ದಿನಕ್ಕೊಂದು ಮಾತ್ರೆಯಾದರೆ ನೆನಪಾದಾಗ ನುಂಗಿ, ಮರುದಿನ ಎಂದಿನ ಹೊತ್ತಿಗೆ ಮರಳಿ. ಮುಂದಿನ ಮಾತ್ರೆಯ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಸರಿದೂಗಿಸಲೆಂದು ಎರಡು ಮಾತ್ರೆ ಒಟ್ಟಿಗೆ ಎಂದೂ ನುಂಗಬೇಡಿ.

ಮರೆವಿನ ಪರಿಣಾಮ ಎಲ್ಲ ಮಾತ್ರೆಗಳಿಗೂ ಒಂದೇ ಅಲ್ಲ. ಅಮ್ಲೊಡಿಪಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು, ಹಾಗಾಗಿ ಒಂದು ದಿನ ತಪ್ಪಿದರೂ ಒತ್ತಡ ಕೂಡಲೇ ಏರುವುದಿಲ್ಲ. ಕ್ಲೋನಿಡಿನ್ ಇದಕ್ಕೆ ತದ್ವಿರುದ್ಧ: ತಟ್ಟನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತಲೂ ಮೇಲಕ್ಕೆ ಜಿಗಿಯಬಹುದು. ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳನ್ನೂ ಏಕಾಏಕಿ ಬಿಡಬಾರದು, ಅದರಲ್ಲಿಯೂ ಹೃದಯದ ತೊಂದರೆ ಇರುವವರು ಬಿಡಲೇಬಾರದು.

## ಅಧ್ಯಯನಗಳ ಬಗ್ಗೆ

ರಾತ್ರಿ ನುಂಗಿದರೆ ಅಪಾಯ ಶೇ. 45ರಷ್ಟು ಕಡಿಮೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಅದು ಸುಳ್ಳೇ?

ನೀವು ಓದಿದ್ದು ಸ್ಪೇನ್ ದೇಶದ ಹೈಜಿಯಾ ಅಧ್ಯಯನದ ಸುದ್ದಿ. ವೀಗೋ ವಿಶ್ವವಿದ್ಯಾಲಯದ ರಾಮೋನ್ ಎರ್ಮಿದಾ ಮತ್ತು ಅವರ ತಂಡ 2019ರಲ್ಲಿ ಅದನ್ನು ಪ್ರಕಟಿಸಿತು. 19,084 ಜನರನ್ನು ಸರಾಸರಿ ಆರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಲಾಗಿತ್ತು. ಮಲಗುವ ಹೊತ್ತಿಗೆ ಮಾತ್ರೆ ನುಂಗಿದವರಲ್ಲಿ ಹೃದಯ ಮತ್ತು ರಕ್ತನಾಳದ ಗಂಭೀರ ಘಟನೆಗಳು ಶೇ. 45ರಷ್ಟು ಕಡಿಮೆಯಾದವು ಎಂದು ಅದು ಹೇಳಿತು. ಸುದ್ದಿ ಜಗತ್ತೆಲ್ಲ ಹರಡಿತು. ಎಷ್ಟೋ ವೈದ್ಯರು ರೋಗಿಗಳ ಮಾತ್ರೆಯನ್ನು ರಾತ್ರಿಗೆ ಬದಲಾಯಿಸಿದರು.

ನನಗೆ ಆಗಲೇ ಒಪ್ಪಿಗೆಯಾಗದ ಒಂದು ಲೆಕ್ಕವಿದೆ, ನೀವೂ ಮಾಡಿ ನೋಡಿ. ಅಧ್ಯಯನದ ಕೊನೆಯಲ್ಲಿ ಎರಡು ಗುಂಪುಗಳ ನಿದ್ದೆಯ ಹೊತ್ತಿನ ಮೇಲಿನ ಒತ್ತಡ ಸುಮಾರು 115 ಮತ್ತು 118 ಇತ್ತು. ವ್ಯತ್ಯಾಸ ಬರಿಯ 3 ಅಂಶ. ಒತ್ತಡ ತಗ್ಗಿಸುವ ಔಷಧಗಳ ಅನೇಕ ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ, ಮೇಲಿನ ಒತ್ತಡ 10 ಅಂಶ ಇಳಿದರೆ ಇಂಥ ಘಟನೆಗಳು ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತವೆ ಎಂದು ಕಂಡುಬಂದಿದೆ. 10 ಅಂಶಕ್ಕೆ ಶೇ. 20 ಆದರೆ 3 ಅಂಶಕ್ಕೆ ಶೇ. 45 ಹೇಗೆ ಬಂತು? ನಿದ್ದೆಯ ಒತ್ತಡಕ್ಕೆ ಹೆಚ್ಚಿನ ತೂಕ ಕೊಟ್ಟರೂ ಈ ಅಂತರ ತುಂಬುವುದಿಲ್ಲ.

ಜನರನ್ನು ಗುಂಪುಗಳಿಗೆ ಹಂಚಿದ ವಿಧಾನದ ಬಗ್ಗೆಯೂ ಪರಿಣತರು ಪ್ರಶ್ನೆ ಎತ್ತಿದರು. ಹಂಚಿಕೆ ನಿಜವಾಗಿಯೂ ಚೀಟಿ ಎತ್ತಿದಂತೆ ಆಗಿರದಿದ್ದರೆ ಫಲಿತಾಂಶವನ್ನು ಮಾತ್ರೆಯ ಹೊತ್ತಿನ ಲೆಕ್ಕಕ್ಕೆ ಬರೆಯಲಾಗದು. 2022ರಲ್ಲಿ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಹೈಪರ್‌ಟೆನ್ಷನ್‌ನ ತಜ್ಞರು, ಎಲ್ಲರಿಗೂ ರಾತ್ರಿ ಮಾತ್ರೆ ಎಂಬ ಪದ್ಧತಿ ಬೇಡ ಎಂಬ ನಿಲುವು ತಳೆದರು. ಹೈಜಿಯಾವನ್ನು ಸುಳ್ಳು ಎಂದು ನಾನು ಕರೆಯುವುದಿಲ್ಲ. ಅದನ್ನು ನಂಬಿ ಮಾತ್ರೆಯ ಹೊತ್ತು ಬದಲಾಯಿಸುವಷ್ಟು ಭದ್ರವಾದ ಆಧಾರ ಅದಲ್ಲ.

ಹಾಗಾದರೆ ‘ಎರಡೂ ಒಂದೇ’ ಎಂದು ಹೇಳುವ ಅಧ್ಯಯನ ಯಾವುದು?

ಟೈಮ್ ಅಧ್ಯಯನ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಥಾಮಸ್ ಮ್ಯಾಕ್‌ಡೊನಾಲ್ಡ್ ಅದರ ಮುಂದಾಳು. ಫಲಿತಾಂಶ 2022ರ ಅಕ್ಟೋಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬ್ರಿಟನ್ನಿನ 21,104 ಜನರಲ್ಲಿ ಒಂದು ಗುಂಪು ಬೆಳಿಗ್ಗೆ 6ರಿಂದ 10ರೊಳಗೆ, ಇನ್ನೊಂದು ಗುಂಪು ರಾತ್ರಿ 8ರಿಂದ 12ರೊಳಗೆ ತಮ್ಮ ಎಂದಿನ ಮಾತ್ರೆಗಳನ್ನೇ ನುಂಗಿತು. ಐದು ವರ್ಷಕ್ಕೂ ಮಿಗಿಲಾದ ಅವಧಿಯಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯುವಿನಿಂದ ಆಸ್ಪತ್ರೆ ಸೇರಿದವರು, ರಕ್ತನಾಳದ ಕಾಯಿಲೆಯಿಂದ ತೀರಿಕೊಂಡವರು ರಾತ್ರಿಯ ಗುಂಪಿನಲ್ಲಿ ಶೇ. 3.4, ಬೆಳಗಿನ ಗುಂಪಿನಲ್ಲಿ ಶೇ. 3.7. ಇಷ್ಟು ಸಣ್ಣ ಅಂತರ ಆಕಸ್ಮಿಕವಾಗಿಯೇ ಬರಬಹುದು.

ನನ್ನ ಗಮನ ಸೆಳೆದದ್ದು ಇನ್ನೊಂದು ಅಂಕಿ. ಗೊತ್ತುಮಾಡಿದ ಹೊತ್ತಿಗೆ ನುಂಗಲಾಗಲಿಲ್ಲ ಎಂದು ಒಮ್ಮೆಯಾದರೂ ತಿಳಿಸಿದವರು ಬೆಳಗಿನ ಗುಂಪಿನಲ್ಲಿ ಶೇ. 22.5, ರಾತ್ರಿಯ ಗುಂಪಿನಲ್ಲಿ ಶೇ. 39. ಅಧ್ಯಯನಕ್ಕೆ ತಾವಾಗಿಯೇ ಮುಂದೆ ಬಂದ ಉತ್ಸಾಹಿಗಳ ಪಾಡೇ ಹೀಗಾದರೆ, ದಣಿದು ಬಂದು ಹಾಗೆಯೇ ನಿದ್ದೆಹೋಗುವವರ ಪಾಡೇನು? ಮಾತ್ರೆ ರಾತ್ರಿಗೆ ಎಂದು ಬರೆಯುವ ಮುನ್ನ ಪ್ರತಿ ಸಲವೂ ನನಗೆ ಈ ಅಂಕಿ ನೆನಪಾಗುತ್ತದೆ.

ಈ ಅಧ್ಯಯನಕ್ಕೂ ಮಿತಿ ಇದೆ: ಹೊತ್ತು ಬದಲಾಯಿಸಿಕೊಂಡವರು ಇಷ್ಟು ಜನ ಇದ್ದರೆ ಸಣ್ಣ ಲಾಭವೊಂದು ಕಣ್ತಪ್ಪಿರಬಹುದು. ಆದರೆ ಶೇ. 45ರಷ್ಟು ದೊಡ್ಡ ಲಾಭ ಅಡಗಿ ಕೂರಲಾರದು.

ನಾಳೆ ಇನ್ನೊಂದು ಅಧ್ಯಯನ ಬಂದು ಇದನ್ನೂ ತಲೆಕೆಳಗು ಮಾಡಿದರೆ?

ಇನ್ನೊಂದು ಆಗಲೇ ಬಂದಿದೆ, ಅದು ಟೈಮ್ ಅಧ್ಯಯನದ ಕಡೆಗೇ ನಿಂತಿದೆ. ಕೆನಡಾದ ಬೆಡ್‌ಮೆಡ್ ಅಧ್ಯಯನ 3,357 ಜನರನ್ನು ನಾಲ್ಕೂವರೆ ವರ್ಷಗಳಷ್ಟು ಕಾಲ ಗಮನಿಸಿ 2025ರಲ್ಲಿ ಫಲಿತಾಂಶ ಕೊಟ್ಟಿತು: ಮಲಗುವ ಹೊತ್ತಿಗೆ ನುಂಗಿದರೆ ಲಾಭವೂ ಇಲ್ಲ, ಹಾನಿಯೂ ಇಲ್ಲ. ಅದೇ ತಂಡ ಆರೈಕೆ ಕೇಂದ್ರಗಳಲ್ಲಿರುವ 776 ಹಣ್ಣು ಮುದುಕರಲ್ಲಿಯೂ ಇದನ್ನೇ ಪರೀಕ್ಷಿಸಿತು. ಅಲ್ಲಿಯೂ ವ್ಯತ್ಯಾಸ ಸಿಗಲಿಲ್ಲ.

ರಾತ್ರಿ ಒತ್ತಡ ಇಳಿದರೆ ಮುದುಕರು ಬೀಳುತ್ತಾರೆ, ಕಣ್ಣಿನ ನರಕ್ಕೆ ಪೆಟ್ಟಾಗುತ್ತದೆ ಎಂಬ ಭಯವನ್ನೂ ಬೆಡ್‌ಮೆಡ್ ಪರಿಶೀಲಿಸಿತು. ಬೀಳುವುದು, ಮೂಳೆ ಮುರಿತ, ಗ್ಲಾಕೋಮಾ ಇವು ರಾತ್ರಿಯ ಗುಂಪಿನಲ್ಲಿ ಹೆಚ್ಚಲಿಲ್ಲ. ಈಗಾಗಲೇ ರಾತ್ರಿ ನುಂಗಿ ಆರಾಮವಾಗಿರುವವರು ಗಾಬರಿಪಟ್ಟು ಬೆಳಿಗ್ಗೆಗೆ ಬದಲಾಯಿಸಬೇಕಾಗಿಲ್ಲ ಎಂಬುದು ಇದರಿಂದ ನಾನು ತಿಳಿದುಕೊಂಡದ್ದು.

## ನಿಮ್ಮ ಮಾತ್ರೆ, ನಿಮ್ಮ ಅಂಕಿ

ನನಗೆ ಬೆಳಿಗ್ಗೆ ಬಿ.ಪಿ. ಜಾಸ್ತಿ, ಸಂಜೆ ಸರಿಯಾಗಿರುತ್ತದೆ. ರಾತ್ರಿಗೆ ಬದಲಾಯಿಸಿದರೆ ಸರಿಹೋಗುತ್ತದೆಯೇ?

ಈ ಪ್ರಶ್ನೆಗೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಹೊತ್ತಿನ ಗೊಂದಲದ ಹಿಂದೆ ನಿಜವಾಗಿ ಇರುವ ತೊಂದರೆ ಹಲವು ಸಲ ಇದೇ.

ಐವತ್ತೆಂಟು ವರ್ಷದ ಒಬ್ಬರು ಇದೇ ದೂರು ಹೊತ್ತು ಬಂದಿದ್ದರು. ಬೆಳಿಗ್ಗೆ 8ಕ್ಕೆ ಲೊಸಾರ್ಟಾನ್ 50 ಮಿಲಿಗ್ರಾಂ ನುಂಗುತ್ತಿದ್ದರು. ವಾರದ ಮಟ್ಟಿಗೆ ಮನೆಯಲ್ಲಿ ಅಳೆದು ಬರೆದಿಡಲು ಹೇಳಿದೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಮಾತ್ರೆಗೆ ಮುಂಚೆ, ಐದು ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕುಳಿತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಸಂಜೆಯೂ ಹಾಗೆಯೇ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದಾಗ ಬೆಳಿಗ್ಗೆ 150/92, ಸಂಜೆ 126/78 ಬಂತು. ಮನೆಯ ಅಳತೆಯಲ್ಲಿ ಮಿತಿ 135/85. ಸಂಜೆ ಸರಿ, ಬೆಳಿಗ್ಗೆ ಮಿತಿ ದಾಟಿತ್ತು.

ಬೆಳಗಿನ ಅಳತೆ ಹಿಂದಿನ ಮಾತ್ರೆ ನುಂಗಿ 24 ಗಂಟೆ ಆದ ಹೊತ್ತಿನದು. ಲೊಸಾರ್ಟಾನ್ ದೇಹದಲ್ಲಿ ಇನ್ನೊಂದು ರೂಪಕ್ಕೆ ಬದಲಾಗಿ ಕೆಲಸ ಮಾಡುತ್ತದೆ, ಆ ರೂಪವೂ 6ರಿಂದ 9 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅವರಲ್ಲಿ ಮಾತ್ರೆಯ ಬಲ ಮುಂದಿನ ಮಾತ್ರೆಯವರೆಗೆ ಉಳಿಯುತ್ತಿರಲಿಲ್ಲ.

ಅವರ ಇಷ್ಟದಂತೆ ಅದೇ ಮಾತ್ರೆಯನ್ನು ರಾತ್ರಿ 9ಕ್ಕೆ ಬದಲಾಯಿಸಿದೆವು. ಎರಡು ವಾರಗಳ ನಂತರ ಬೆಳಗಿನ ಸರಾಸರಿ 132ಕ್ಕೆ ಇಳಿದಿತ್ತು, ಅವರಿಗೆ ಬಹಳ ಸಂತೋಷವಾಗಿತ್ತು. ಆದರೆ ಸಂಜೆಯ ಕಾಲಂ ನೋಡಿದಾಗ 144 ಇತ್ತು. ಬಲವಿಲ್ಲದ ಗಂಟೆಗಳು ಬೆಳಿಗ್ಗೆಯಿಂದ ಸಂಜೆಗೆ ಸರಿದಿದ್ದವು, ಅಷ್ಟೇ. ಅವರು ಬೆಳಿಗ್ಗೆ ಮಾತ್ರ ಅಳೆಯುತ್ತಿದ್ದರೆ ರಾತ್ರಿ ಮಾತ್ರೆಯೇ ಮದ್ದು ಎಂದು ನಾವಿಬ್ಬರೂ ನಂಬಿಬಿಡುತ್ತಿದ್ದೆವು.

ಆಮೇಲೆ ಔಷಧವನ್ನೇ ಬದಲಾಯಿಸಿ, ಸುಮಾರು 24 ಗಂಟೆಗೆ ಅರ್ಧಕ್ಕಿಳಿಯುವ ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ ಕೊಟ್ಟೆ, ಮತ್ತೆ ಬೆಳಿಗ್ಗೆಗೇ. ಒಂದು ತಿಂಗಳು ಕಳೆದ ಮೇಲೆ ಬೆಳಿಗ್ಗೆ 133, ಸಂಜೆ 128. ಬೇರೊಬ್ಬರಿಗೆ ಪ್ರಮಾಣ ಹೆಚ್ಚಿಸುವುದು, ಎರಡು ಹೊತ್ತಿಗೆ ಹಂಚುವುದು, ಇನ್ನೊಂದು ಔಷಧ ಸೇರಿಸುವುದು ಸರಿಹೋಗಬಹುದು. ಯಾವುದನ್ನೇ ಮಾಡಿದರೂ ಬೆಳಿಗ್ಗೆ ಮತ್ತು ಸಂಜೆ ಎರಡೂ ಹೊತ್ತು ಅಳೆಯದೆ ಫಲ ಗೊತ್ತಾಗುವುದಿಲ್ಲ.

ತಪಾಸಣೆಗೆ ಹೋಗುವ ದಿನ ಮಾತ್ರೆ ನುಂಗಿ ಹೋಗಬೇಕೇ?

ಎಂದಿನಂತೆ ನುಂಗಿ ಹೋಗಿ, ಎಷ್ಟು ಗಂಟೆಗೆ ನುಂಗಿದಿರಿ ಎಂಬುದನ್ನು ವೈದ್ಯರಿಗೆ ಹೇಳಿ. ನುಂಗಿ ಮೂರು ಗಂಟೆ ಆದ ಮೇಲಿನ 124ಕ್ಕೂ ಮಾತ್ರೆಗೆ ಮುಂಚಿನ 124ಕ್ಕೂ ಅರ್ಥ ಬೇರೆ.

ನನಗೆ ಕೊಟ್ಟಿರುವುದು ನೀರು ತೆಗೆಯುವ ಮಾತ್ರೆ. ರಾತ್ರಿ ನುಂಗಬಹುದೇ?

ಬೇಡ, ಬೆಳಿಗ್ಗೆ ನುಂಗಿ. ಅಧ್ಯಯನಗಳ ಚರ್ಚೆ ಇಲ್ಲಿ ಬೇಕಿಲ್ಲ. ಫ್ಯೂರೋಸೆಮೈಡ್ ನುಂಗಿದ ಒಂದು ಗಂಟೆಯೊಳಗೆ ಮೂತ್ರ ಹೆಚ್ಚುತ್ತದೆ, ಐದಾರು ಗಂಟೆ ಹಾಗೆಯೇ ಇರುತ್ತದೆ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್ ಇಷ್ಟು ರಭಸದವಲ್ಲ, ಆದರೂ ಶುರುವಿನ ವಾರಗಳಲ್ಲಿ ರಾತ್ರಿ ಏಳಿಸುತ್ತವೆ. ಅರೆನಿದ್ದೆಯಲ್ಲಿ, ಕತ್ತಲಲ್ಲಿ ಬಚ್ಚಲಿಗೆ ನಡೆಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಬಿ.ಪಿ. ಹತೋಟಿಯಿಂದ ಆದ ಲಾಭವೆಲ್ಲ ಹೋದಂತೆ.

ಮಾತ್ರೆಯ ಪಟ್ಟಿಯ ಹಿಂಬದಿಯನ್ನು ಒಮ್ಮೆ ಓದಿ. ಎರಡು ಔಷಧ ಸೇರಿಸಿದ ಮಾತ್ರೆಗಳಲ್ಲಿ ಇವು ಅಡಗಿರುತ್ತವೆ, ಹೆಸರಿನ ಕೊನೆಯಲ್ಲಿ ‘ಎಚ್’ ಅಕ್ಷರವಿದ್ದರೆ ಬಹುಮಟ್ಟಿಗೆ ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇರುತ್ತದೆ.

ಪ್ರಜೋಸಿನ್ ಮಾತ್ರೆಯನ್ನು ಮಲಗುವಾಗಲೇ ನುಂಗಬೇಕು ಎಂದರು. ಏಕೆ?

ಪ್ರಜೋಸಿನ್ ಮತ್ತು ಅದೇ ಗುಂಪಿನ ಔಷಧಗಳ ಮೊದಲ ಮಾತ್ರೆ ಕೆಲವರಲ್ಲಿ ಎದ್ದು ನಿಂತ ಕೂಡಲೇ ಒತ್ತಡವನ್ನು ಧಡಕ್ಕನೆ ಬೀಳಿಸುತ್ತದೆ, ಪ್ರಜ್ಞೆ ತಪ್ಪಿದವರೂ ಇದ್ದಾರೆ. ಮಲಗಿದ್ದಾಗ ಆ ಅಪಾಯ ಕಡಿಮೆ. ಹಾಗಾಗಿ ಮೊದಲ ಮಾತ್ರೆಯನ್ನು, ಪ್ರಮಾಣ ಹೆಚ್ಚಿಸಿದ ದಿನದ ಮೊದಲ ಮಾತ್ರೆಯನ್ನೂ, ಹಾಸಿಗೆಯ ಮೇಲೆ ಕುಳಿತು ನುಂಗಿ ಮಲಗಬೇಕು. ರಾತ್ರಿ ಏಳಬೇಕಾದರೆ ಮೊದಲು ಕುಳಿತು, ಒಂದೆರಡು ನಿಮಿಷ ಕಾಲು ಇಳಿಬಿಟ್ಟು, ಆಮೇಲೆ ನಿಲ್ಲಿ.

ಅಮ್ಮನಿಗೆ ಎಪ್ಪತ್ತೆಂಟು. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ತಲೆ ಸುತ್ತುತ್ತದೆ ಎನ್ನುತ್ತಾರೆ. ರಾತ್ರಿಗೆ ಬದಲಾಯಿಸಲೇ?

ಮೊದಲು ಅಳೆದು ನೋಡಿ. ಐದು ನಿಮಿಷ ಕುಳಿತ ಮೇಲೆ ಒಂದು ಸಲ, ಎದ್ದು ನಿಂತು ಒಂದು ನಿಮಿಷಕ್ಕೆ, ಮತ್ತೆ ಮೂರನೆಯ ನಿಮಿಷಕ್ಕೆ. ಪಕ್ಕದಲ್ಲಿ ನೀವು ನಿಂತಿರಿ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ವೈದ್ಯರಿಗೆ ತೋರಿಸಲೇಬೇಕು.

ಟೈಮ್ ಅಧ್ಯಯನದಲ್ಲಿ ತಲೆಸುತ್ತಿನ ದೂರು ಬೆಳಿಗ್ಗೆ ನುಂಗಿದವರಲ್ಲಿ ತುಸು ಹೆಚ್ಚಿತ್ತು. ಹಾಗಾಗಿ ಹೊತ್ತು ಬದಲಾಯಿಸಿದರೆ ಅವರಿಗೆ ಹಿತವಾಗಬಹುದು. ಆದರೆ ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವವರಾದರೆ ಅದೇ ತಲೆಸುತ್ತು ಕತ್ತಲಿಗೆ ಸರಿಯುತ್ತದೆ. ಆ ವಯಸ್ಸಿನಲ್ಲಿ ನಾನು ಮೊದಲು ಕೇಳುವುದು ಪ್ರಮಾಣ ಹೆಚ್ಚಾಗಿದೆಯೇ, ಪ್ರಾಸ್ಟೇಟಿಗೋ ನಿದ್ದೆಗೋ ಖಿನ್ನತೆಗೋ ಕೊಟ್ಟ ಬೇರೆ ಮಾತ್ರೆ ಒತ್ತಡ ಇಳಿಸುತ್ತಿದೆಯೇ ಎಂದು. ನಿಮ್ಮ ತಾಯಿಯವರ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ನಿದ್ದೆಯಲ್ಲಿ ನನ್ನ ಬಿ.ಪಿ. ಇಳಿಯುವುದೇ ಇಲ್ಲ ಎಂದು ವರದಿ ಬಂದಿದೆ. ನನ್ನಂಥವರಿಗಾದರೂ ರಾತ್ರಿ ಮಾತ್ರೆ ಒಳ್ಳೆಯದಲ್ಲವೇ?

ನಿಮಗೆ ಮಾಡಿದ್ದು ತೋಳಿಗೆ ಪಟ್ಟಿ ಕಟ್ಟಿ 24 ಗಂಟೆ ಅಳೆಯುವ ಆಂಬ್ಯುಲೇಟರಿ ಪರೀಕ್ಷೆ. ಅದರಲ್ಲಿ ಎರಡು ಅಂಕಿಗಳನ್ನು ನೋಡಬೇಕು. ಒಂದು, ಹಗಲಿಗಿಂತ ರಾತ್ರಿ ಶೇಕಡಾ ಎಷ್ಟು ಇಳಿಯಿತು ಎಂಬುದು. ಇನ್ನೊಂದು, ನಿದ್ದೆಯ ಸರಾಸರಿ ಎಷ್ಟು ಎಂಬುದು, ಅದಕ್ಕೆ ಮಿತಿ 120/70. ನನಗೆ ಎರಡನೆಯದೇ ಮುಖ್ಯ. ಹಗಲು 118, ರಾತ್ರಿ 112 ಇದ್ದರೆ ಇಳಿಕೆ ಶೇ. 5 ಮಾತ್ರ, ಆದರೂ ಒತ್ತಡ ಎರಡೂ ಹೊತ್ತು ಸರಿಯಾಗಿದೆ. ಹಗಲು 134, ರಾತ್ರಿ 136 ಆದರೆ ಅದು ಬೇರೆಯೇ ಮಾತು.

ನಿದ್ದೆ ಕೆಟ್ಟರೂ ಒತ್ತಡ ಇಳಿಯುವುದಿಲ್ಲ ಎಂಬುದನ್ನು ನೆನಪಿಡಿ. ಪಟ್ಟಿ ಅರ್ಧ ಗಂಟೆಗೊಮ್ಮೆ ಬಿಗಿದು ನಿಮ್ಮನ್ನು ಎಬ್ಬಿಸಿದ್ದರೆ ವರದಿಯನ್ನು ಆ ಮಟ್ಟಿಗೇ ನಂಬಬೇಕು.

ನಿದ್ದೆಯ ಒತ್ತಡ ನಿಜವಾಗಿ ಹೆಚ್ಚಿದ್ದರೆ ಕಾರಣ ಹುಡುಕಬೇಕು: ಗೊರಕೆಯ ನಡುವೆ ಉಸಿರು ಕಟ್ಟುವುದು, ಮೂತ್ರಪಿಂಡದ ಕಾಯಿಲೆ, ಮಧುಮೇಹದಿಂದ ನರಗಳಿಗೆ ಆದ ಹಾನಿ, ಊಟದಲ್ಲಿ ಹೆಚ್ಚಿನ ಉಪ್ಪು. ಉಸಿರು ಕಟ್ಟುತ್ತಿದೆಯೇ ಎಂದು ಪಕ್ಕದಲ್ಲಿ ಮಲಗುವವರನ್ನು ಕೇಳಿ, ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಇಡೀ ದಿನ ಕೆಲಸ ಮಾಡುವ ಔಷಧ ಕೊಟ್ಟ ಮೇಲೂ ನಿದ್ದೆಯ ಅಂಕಿ ಇಳಿಯದಿದ್ದರೆ ಒಂದು ಮಾತ್ರೆಯನ್ನು ರಾತ್ರಿಗೆ ಸರಿಸಿ, ಮತ್ತೆ 24 ಗಂಟೆ ಅಳೆದು ನೋಡುವುದು ನ್ಯಾಯವಾದ ಪ್ರಯತ್ನ. ಅಂಕಿ ಇಳಿಯಬಹುದು. ಅದರಿಂದ ಹೃದಯಾಘಾತ ತಪ್ಪುತ್ತದೆ ಎಂಬ ಭರವಸೆಯನ್ನು ಮಾತ್ರ ಈಗಿನ ಅಧ್ಯಯನಗಳು ಕೊಡುವುದಿಲ್ಲ.

ನನಗೆ ರಾತ್ರಿ ಪಾಳಿ. ‘ಬೆಳಿಗ್ಗೆ’ ಎಂದರೆ ಯಾವಾಗ?

ನೀವು ನಿದ್ದೆಯಿಂದ ಏಳುವ ಹೊತ್ತು. ಪಾಳಿ ವಾರವಾರವೂ ಬದಲಾಗುತ್ತಿದ್ದರೆ ಎಲ್ಲ ಪಾಳಿಯಲ್ಲಿಯೂ ಎಚ್ಚರವಿರುವ ಒಂದು ಗಂಟೆಯನ್ನು ಹುಡುಕಿ ಮೊಬೈಲಿನಲ್ಲಿ ಅಲಾರಂ ಇಡಿ. ನಿಮ್ಮಂಥವರಿಗೆ ದೀರ್ಘಕಾಲ ಕೆಲಸ ಮಾಡುವ ಔಷಧವನ್ನೇ ಆರಿಸಲು ವೈದ್ಯರನ್ನು ಕೇಳಿ. ನಾಲ್ಕೈದು ಗಂಟೆ ಅತ್ತಿತ್ತ ಆದರೂ ಅಮ್ಲೊಡಿಪಿನ್‌ನಂಥದ್ದು ಅದನ್ನು ತಾಳಿಕೊಳ್ಳುತ್ತದೆ.

ವೈದ್ಯರು ರಾತ್ರಿಗೆ ಬದಲಾಯಿಸಲು ಹೇಳಿದ್ದಾರೆ. ಬದಲಾಯಿಸುವ ದಿನ ಏನು ಮಾಡಬೇಕು?

ಬೆಳಿಗ್ಗೆ ನುಂಗಿ ಅದೇ ರಾತ್ರಿ ಮತ್ತೊಂದು ನುಂಗುವುದು ಇಲ್ಲಿ ಆಗುವ ದೊಡ್ಡ ತಪ್ಪು. ಹನ್ನೆರಡು ಗಂಟೆಯೊಳಗೆ ಎರಡು ಮಾತ್ರೆ ಸೇರಿ ಮರುದಿನ ಬೆಳಿಗ್ಗೆ ಕಣ್ಣು ಕತ್ತಲೆ ಬರುತ್ತದೆ.

ಅಮ್ಲೊಡಿಪಿನ್ ಆದರೆ ಸುಲಭ: ಸೋಮವಾರ ಬೆಳಿಗ್ಗೆ ನುಂಗಿ, ಮುಂದಿನದನ್ನು ಮಂಗಳವಾರ ರಾತ್ರಿ ನುಂಗಿ. ನಡುವಿನ ಸುಮಾರು 36 ಗಂಟೆಯನ್ನು ಅದರ ಬಲ ದಾಟಿಸುತ್ತದೆ. ಬೇಗ ಇಳಿಯುವ ಔಷಧವಾದರೆ ಅಷ್ಟು ಅಂತರ ಬೇಡ. ದಿನಕ್ಕೆ ಮೂರು ನಾಲ್ಕು ಗಂಟೆ ಮುಂದೂಡುತ್ತಾ ಹೋದರೆ ನಾಲ್ಕನೆಯ ದಿನದ ಹೊತ್ತಿಗೆ ರಾತ್ರಿ ತಲುಪುತ್ತೀರಿ. ಕ್ಲೋನಿಡಿನ್ ಅಥವಾ ಬೀಟಾ ಬ್ಲಾಕರ್ ಇದ್ದರೆ ಯಾವ ಗಂಟೆಗೆ ಯಾವುದು ಎಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳಿ.

ಬದಲಾಯಿಸಿ ಎರಡು ವಾರ ಕಳೆದ ಮೇಲೆ ಏಳು ದಿನ, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ರಾತ್ರಿ ಮಾತ್ರೆಗೆ ಮುಂಚೆ ಒಮ್ಮೆ ಅಳೆದು ಬರೆದಿಡಿ. ರಾತ್ರಿ ಮಾತ್ರೆಗೆ ಮುಂಚಿನ ಸರಾಸರಿ 135/85 ದಾಟಿದ್ದರೆ ಆ ಹಾಳೆಯನ್ನು ವೈದ್ಯರಿಗೆ ತೋರಿಸಿ. ಏಳು ದಿನಗಳಲ್ಲಿ ಎಷ್ಟು ರಾತ್ರಿ ಮಾತ್ರೆ ತಪ್ಪಿತು ಎಂಬುದನ್ನೂ ಅದೇ ಹಾಳೆಯ ಮೂಲೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆಯಿರಿ. ಎರಡಕ್ಕಿಂತ ಹೆಚ್ಚಿದ್ದರೆ ಬೆಳಗಿನ ಹೊತ್ತಿಗೆ ಮರಳಲು ನಾನು ಹೇಳುತ್ತೇನೆ.